ಲ್ಯಾಪ್‌ಟಾಪಿನ ಆಯಸ್ಸು ಹಿಂಜಿನ ಬುಡದಲ್ಲಿ

ಲ್ಯಾಪ್‌ಟಾಪ್ ಕೊಳ್ಳಲು ಅಂಗಡಿಗೆ ಹೋದವರು ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಎಷ್ಟು ಎಂದು ಕೇಳುತ್ತಾರೆ. ಮೂರು ನಾಲ್ಕು ವರ್ಷವಾದ ಮೇಲೆ ಅದೇ ಲ್ಯಾಪ್‌ಟಾಪನ್ನು ರಿಪೇರಿಗೆ ತಂದಾಗ ಈ ಮೂರೂ ಸಾಮಾನ್ಯವಾಗಿ ಸರಿಯಾಗೇ ಇರುತ್ತವೆ. ಹೋಗಿರುವುದು ಇನ್ನೊಂದು. ಪರದೆ ತೆರೆಯುವಾಗ ಹಿಂದಿನ ಎಡಮೂಲೆಯಲ್ಲಿ ಟಕ್ಕೆಂದು ಸದ್ದು, ಪರದೆಯ ಅಂಚಿನ ಪಟ್ಟಿ ಬಾಯಿ ಬಿಟ್ಟಿದೆ, ಮುಚ್ಚಿದರೆ ಸರಿಯಾಗಿ ಕೂರುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನ ಯಾವುದೇ ರಿಪೇರಿ ಅಂಗಡಿಯ ಮೇಜಿನ ಮೇಲೆ ಇಂಥ ಒಂದಾದರೂ ಯಂತ್ರ ಬಿಚ್ಚಿಕೊಂಡು ಮಲಗಿರುತ್ತದೆ.

"ಹಿಂಜ್ ಮುರಿದಿದೆ" ಎಂದು ತಂದವರು ಹೇಳುತ್ತಾರೆ. ಬಿಚ್ಚಿ ನೋಡಿದ ಮೆಕ್ಯಾನಿಕ್ ಹೇಳುವುದು ಬೇರೆ: "ಹಿಂಜ್ ಚೆನ್ನಾಗೇ ಇದೆ ಸಾರ್. ಅದನ್ನ ಹಿಡ್ಕೊಂಡಿದ್ದ ಬಾಡಿ ಹೋಗಿದೆ."

ಲ್ಯಾಪ್‌ಟಾಪ್ ಎಷ್ಟು ಕಾಲ ಬಾಳುತ್ತದೆ ಎಂದು ಕೊಳ್ಳುವ ಮೊದಲೇ ಅಂದಾಜು ಮಾಡಬೇಕಾದರೆ ನೋಡಬೇಕಾದ ಜಾಗ ಇದೇ. ಹೊರಮೈ ಯಾವುದರದ್ದು, ಹಿಂಜ್ ಹೇಗಿದೆ, ರಿಪೇರಿಗೆ ಎಷ್ಟು ಸುಲಭ ಎಂಬ ಮೂರು ಪ್ರಶ್ನೆಗಳೂ ಇಲ್ಲಿ ಬಂದು ಸೇರುತ್ತವೆ.

ನಾಲ್ಕು ಪ್ಯಾನೆಲ್, ಎರಡು ಹಿಂಜ್

ರಿಪೇರಿಯವರು ಲ್ಯಾಪ್‌ಟಾಪಿನ ದೇಹವನ್ನು ನಾಲ್ಕು ಪ್ಯಾನೆಲ್‌ಗಳಾಗಿ ವಿಂಗಡಿಸುತ್ತಾರೆ. ಪರದೆಯ ಹಿಂಬದಿಯ ಮುಚ್ಚಳ, ಅಂದರೆ ಕಂಪನಿಯ ಹೆಸರಿರುವ ಭಾಗ, ಎ ಪ್ಯಾನೆಲ್. ಪರದೆಯ ಸುತ್ತಲಿನ ಅಂಚುಪಟ್ಟಿ ಬಿ. ಕೀಬೋರ್ಡ್ ಕೂತಿರುವ, ನಾವು ಅಂಗೈ ಊರುವ ಭಾಗ ಸಿ. ಕೆಳಗಿನ ತಳ ಡಿ. ಅಂಗಡಿಗಳಲ್ಲಿ ಎ, ಬಿ ಮತ್ತು ಹಿಂಜ್ ಮೂರನ್ನೂ ಸೇರಿಸಿ 'ಎಬಿಎಚ್' ಎಂದೇ ಮಾರುತ್ತಾರೆ. ಹೀಗೊಂದು ಕಟ್ಟಿಗೆ ಪ್ರತ್ಯೇಕ ಹೆಸರೇ ಹುಟ್ಟಿಕೊಂಡಿದೆ ಎಂದರೆ ಈ ಮೂರೂ ಒಟ್ಟಿಗೆ ಕೆಡುವುದು ಎಷ್ಟು ಸಾಮಾನ್ಯ ಎಂದು ಊಹಿಸಬಹುದು.

ಹಿಂಜ್ ಎನ್ನುವುದು ಉಕ್ಕಿನ ಸಣ್ಣ ಕೀಲು. ಅದರ ನಡುವೆ ಒಂದು ಅಚ್ಚುಕಡ್ಡಿ. ಅದರ ಮೇಲೆ ಬಿಲ್ಲೆಗಳನ್ನು ಒತ್ತೊತ್ತಾಗಿ ಪೇರಿಸಿ ತುದಿಗೆ ನಟ್ ಬಿಗಿದಿರುತ್ತಾರೆ. ಬಿಲ್ಲೆಗಳ ನಡುವಿನ ಉಜ್ಜಾಟವೇ ಪರದೆಯನ್ನು ನಾವು ನಿಲ್ಲಿಸಿದ ಕೋನದಲ್ಲಿ ಹಿಡಿದಿಡುವುದು. ಕೀಲಿನಿಂದ ಎರಡು ಉಕ್ಕಿನ ಪಟ್ಟಿಗಳು ಹೊರಡುತ್ತವೆ. ಒಂದು ಮೇಲೆ ಹೋಗಿ ಎ ಪ್ಯಾನೆಲ್ಲಿಗೆ, ಇನ್ನೊಂದು ಮುಂದೆ ಬಂದು ಸಿ ಪ್ಯಾನೆಲ್ಲಿನ ಅಡಿಗೆ ಸ್ಕ್ರೂಗಳಿಂದ ಕೂರುತ್ತವೆ.

ಆ ಸ್ಕ್ರೂ ಯಾವುದರೊಳಗೆ ಇಳಿಯುತ್ತದೆ ಎಂಬುದೇ ಮುಖ್ಯ ವಿಷಯ. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಪ್ಯಾನೆಲ್ಲಿನ ಒಳಮೈಯಲ್ಲಿ ಪ್ಲಾಸ್ಟಿಕ್ಕಿನ ಗಿಡ್ಡ ಗೂಟಗಳು ಎದ್ದಿರುತ್ತವೆ. ಪ್ರತಿ ಗೂಟದ ನಡುವೆ ಮರೆ ಕೊರೆದ ಹಿತ್ತಾಳೆಯ ಪುಟ್ಟ ನಟ್ಟನ್ನು ಬಿಸಿ ಮಾಡಿ ಒತ್ತಿ ಕೂರಿಸಿರುತ್ತಾರೆ. ಸ್ಕ್ರೂ ಹಿಡಿಯುವುದು ಹಿತ್ತಾಳೆಯನ್ನು, ಹಿತ್ತಾಳೆ ಹಿಡಿಯುವುದು ಪ್ಲಾಸ್ಟಿಕ್ಕನ್ನು. ಉಕ್ಕು ಗಟ್ಟಿ, ಹಿತ್ತಾಳೆಯೂ ಗಟ್ಟಿ. ಹಾಗಾಗಿ ಎಳೆತವೆಲ್ಲ ಕೊನೆಗೆ ಬೀಳುವುದು ಮಿಲಿಮೀಟರ್ ಲೆಕ್ಕದ ಪ್ಲಾಸ್ಟಿಕ್ ಗೋಡೆಯ ಮೇಲೆ. ತೇಗದ ಬಾಗಿಲನ್ನು ಗೆದ್ದಲು ಹಿಡಿದ ಬಾಗಿಲುವಾಡಕ್ಕೆ ಕೂರಿಸಿದರೆ ಕಿತ್ತು ಬರುವುದು ಬಾಗಿಲಲ್ಲ.

ಎಷ್ಟು ಎಳೆತ ಬೀಳುತ್ತದೆ?

ಒಂದು ಲೆಕ್ಕ ಹಾಕೋಣ. 15.6 ಇಂಚಿನ ಲ್ಯಾಪ್‌ಟಾಪಿನ ಪರದೆ ಭಾಗ ಅರ್ಧ ಕೆಜಿ ತೂಗುತ್ತದೆ ಎಂದಿಟ್ಟುಕೊಳ್ಳಿ. ಅದರ ಭಾರದ ನಡುಬಿಂದು ಹಿಂಜಿನಿಂದ ಸುಮಾರು 11 ಸೆಂಟಿಮೀಟರ್ ದೂರದಲ್ಲಿರುತ್ತದೆ. ಪರದೆ ಪೂರಾ ಅಡ್ಡವಾದಾಗ ಅದನ್ನು ತಡೆದು ಹಿಡಿಯಲು ಬೇಕಾದ ತಿರುಚು ಬಲ ಅರ್ಧ ಕೆಜಿಯನ್ನು 11ರಿಂದ ಗುಣಿಸಿದಷ್ಟು, ಅಂದರೆ ಐದೂವರೆ ಕೆಜಿ-ಸೆಂ.ಮೀ. ಬಸ್ಸಿನಲ್ಲೋ ಅಲುಗಾಡುವ ಮೇಜಿನ ಮೇಲೋ ಪರದೆ ತಾನಾಗಿ ಬೀಳಬಾರದಲ್ಲ, ಅದಕ್ಕೆ ಇನ್ನಷ್ಟು ಸೇರಿಸಿ ಎಂಟು ಇಟ್ಟಿದ್ದಾರೆ ಎನ್ನೋಣ. ಎರಡು ಹಿಂಜಿಗೆ ಹಂಚಿದರೆ ತಲಾ ನಾಲ್ಕು.

ಈಗ ಹಿಂಜಿನ ಕೆಳಪಟ್ಟಿಯ ಸ್ಕ್ರೂಗಳು ಅಚ್ಚಿನಿಂದ ಎರಡು ಸೆಂಟಿಮೀಟರ್ ಮುಂದೆ ಇವೆ ಎಂದುಕೊಳ್ಳಿ. ನಾಲ್ಕನ್ನು ಎರಡರಿಂದ ಭಾಗಿಸಿದರೆ ಎರಡು. ಪರದೆಯನ್ನು ತೆರೆದು ಮುಚ್ಚುವ ಪ್ರತಿ ಸಲ ಆ ಪ್ಲಾಸ್ಟಿಕ್ ಗೂಟಗಳ ಮೇಲೆ ಸುಮಾರು ಎರಡು ಕೆಜಿ ಎಳೆತ ಬೀಳುತ್ತದೆ. ತೆರೆಯುವಾಗ ಒಂದು ದಿಕ್ಕಿಗೆ, ಮುಚ್ಚುವಾಗ ವಿರುದ್ಧ ದಿಕ್ಕಿಗೆ. ಎರಡು ಕೆಜಿ ಹೆಚ್ಚೇನಲ್ಲ, ಹೊಸ ಪ್ಲಾಸ್ಟಿಕ್ ಅದನ್ನು ತಡೆಯುತ್ತದೆ.

ಆದರೆ ಈ ಎರಡು ಕೆಜಿ ಎರಡಾಗೇ ಉಳಿಯುವುದಿಲ್ಲ. ಬಿಲ್ಲೆಗಳ ನಡುವೆ ಹಾಕಿದ ಗ್ರೀಸು ವರ್ಷಗಳು ಕಳೆದಂತೆ ಒಣಗುತ್ತದೆ, ದೂಳು ಸೇರಿ ಗಟ್ಟಿಯಾಗುತ್ತದೆ. ಹಿಂಜಿನ ಬಿಗಿ ದುಪ್ಪಟ್ಟಾದರೆ ಗೂಟದ ಮೇಲಿನ ಎಳೆತವೂ ನಾಲ್ಕು ಕೆಜಿಯಾಯಿತು. ಇದರ ಮೇಲೆ, ನಮ್ಮಲ್ಲಿ ಬಹಳ ಮಂದಿ ಪರದೆಯನ್ನು ಒಂದು ಮೂಲೆ ಹಿಡಿದು ಎತ್ತುತ್ತಾರೆ. ಆಗ ಆ ಬದಿಯ ಹಿಂಜೇ ಹೆಚ್ಚಿನ ಪಾಲು ಹೊರಬೇಕು. ಇನ್ನೊಂದು ಮೂಲೆ ಹಿಂದುಳಿದು ಪರದೆ ತಿರುಚಿಕೊಳ್ಳುತ್ತದೆ. ಎರಡು ಕೆಜಿಗೆಂದು ಮಾಡಿದ ಗೂಟದ ಮೇಲೆ ಈಗ ಐದಾರು ಕೆಜಿ. ಜೊತೆಗೆ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಫ್ಯಾನಿನ ಬಿಸಿಗಾಳಿ ಹೊರಬೀಳುವುದೂ ಹಿಂಜಿನ ಪಕ್ಕದಲ್ಲೇ. ದಿನವೂ ಕಾದು ಆರುವ ಪ್ಲಾಸ್ಟಿಕ್ಕಿನಲ್ಲಿ ಗೂಟದ ಬುಡದಿಂದ ಕೂದಲೆಳೆಯಂಥ ಬಿರುಕು ಹೊರಡುತ್ತದೆ. ಒಂದು ಗೂಟ ಕಿತ್ತರೆ ಅದರ ಪಾಲು ಪಕ್ಕದ ಗೂಟಕ್ಕೆ ಬೀಳುತ್ತದೆ. ಮೊದಲ ಗೂಟ ಹೋಗಲು ಎರಡು ವರ್ಷ ಹಿಡಿದಿದ್ದರೆ ಉಳಿದವು ಕೆಲವೇ ವಾರಗಳಲ್ಲಿ ಹೋಗುತ್ತವೆ.

ಜಾಹೀರಾತಿನಲ್ಲಿ "20 ಸಾವಿರ ಸಲ ತೆರೆದು ಮುಚ್ಚಿ ಪರೀಕ್ಷಿಸಲಾಗಿದೆ" ಎಂಬಂಥ ಮಾತು ಕಾಣುತ್ತದೆ. ದಿನಕ್ಕೆ ಹತ್ತು ಸಲದ ಲೆಕ್ಕದಲ್ಲಿ ಅದು ಐದೂವರೆ ವರ್ಷ. ಆದರೆ ಪರೀಕ್ಷೆಯ ಯಂತ್ರ ಪರದೆಯನ್ನು ಒಂದೇ ಹದದಲ್ಲಿ, ಒಂದೇ ವೇಗದಲ್ಲಿ ಎತ್ತಿಳಿಸುತ್ತದೆ. ಗ್ರೀಸು ಒಣಗುವಷ್ಟು ಕಾಲ ಅದು ಕಾಯುವುದಿಲ್ಲ. ಮಿಲ್-ಸ್ಟ್ಯಾಂಡರ್ಡ್ 810ಎಚ್ ಎಂಬ ಮುದ್ರೆಯನ್ನೂ ಹೀಗೇ ಅಳೆಯಬೇಕು. ಅದು ಅಮೆರಿಕದ ಸೇನೆಯ ಪರೀಕ್ಷಾ ಕೈಪಿಡಿ. ಬಿಸಿ, ತೇವ, ಕುಲುಕಾಟ, ಬೀಳುವುದು ಹೀಗೆ ಹಲವು ಪರೀಕ್ಷೆಗಳ ವಿಧಾನ ಅದರಲ್ಲಿದೆ. ಯಾವ ಪರೀಕ್ಷೆ, ಯಾವ ತೀವ್ರತೆಯಲ್ಲಿ ಎಂಬುದನ್ನು ಕಂಪನಿಯೇ ಆರಿಸಿಕೊಳ್ಳಬಹುದು. ಪಾಸಾಯಿತೆಂದು ಮುದ್ರೆಯೊತ್ತಿ ಕೊಡುವ ಸೇನಾ ಕಚೇರಿ ಯಾವುದೂ ಇಲ್ಲ. ಯಾವ ಯಾವ ಪರೀಕ್ಷೆ ಮಾಡಿದೆವು ಎಂದು ಪಟ್ಟಿ ಕೊಟ್ಟ ಕಂಪನಿಯ ಮಾತಿಗೆ ಸ್ವಲ್ಪ ತೂಕ ಕೊಡಬಹುದು, ಬರೀ ಮುದ್ರೆಗೆ ಬೇಡ.

"ಮೆಟಲ್ ಬಾಡಿ" ಎಂದರೆ ಯಾವ ಬಾಡಿ?

ಇಷ್ಟು ತಿಳಿದ ಮೇಲೆ ಹೊರಮೈಯ ಪ್ರಶ್ನೆಗೆ ಬರಬಹುದು. ಪ್ಲಾಸ್ಟಿಕ್ ಬೇಡ, ಲೋಹವೇ ಇರಲಿ ಎಂದು ನಿರ್ಧರಿಸುವುದು ಸುಲಭ. ಆದರೆ ಲೋಹ ಯಾವ ಪ್ಯಾನೆಲ್ಲಿನಲ್ಲಿದೆ, ಅದನ್ನು ಹೇಗೆ ಮಾಡಿದ್ದಾರೆ ಎಂದು ಕೇಳದೆ ಈ ನಿರ್ಧಾರಕ್ಕೆ ಅರ್ಥವಿಲ್ಲ.

ಮಧ್ಯಮ ಬೆಲೆಯ ಬಹಳಷ್ಟು ಮಾದರಿಗಳಲ್ಲಿ "ಮೆಟಲ್" ಎಂದರೆ ಎ ಪ್ಯಾನೆಲ್ ಮಾತ್ರ. ಅದೂ ಒಂದು ಮಿಲಿಮೀಟರಿಗೂ ತೆಳುವಾದ ಅಲ್ಯೂಮಿನಿಯಂ ತಗಡು. ತಗಡಿಗೆ ನೇರವಾಗಿ ಮರೆ ಕೊರೆದು ಸ್ಕ್ರೂ ಹಾಕಲು ಬರುವುದಿಲ್ಲ. ಹಾಗಾಗಿ ಅದರ ಒಳಮೈಗೆ ಪ್ಲಾಸ್ಟಿಕ್ ಚೌಕಟ್ಟನ್ನೋ ಲೋಹದ ಸಣ್ಣ ತುಂಡುಗಳನ್ನೋ ಅಂಟಿಸಿ ಹಿಂಜನ್ನು ಅವಕ್ಕೆ ಬಿಗಿಯುತ್ತಾರೆ. ಇಲ್ಲಿ ಗೂಟ ಮುರಿಯುವ ಬದಲು ಅಂಟು ಬಿಡುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ: ಮೂಲೆ ಬಾಯಿ ಬಿಟ್ಟಿರುತ್ತದೆ. ಸಿ ಪ್ಯಾನೆಲ್ಲಿನಲ್ಲೂ ಹೀಗೇ. ಮೇಲೆ ಕಾಣುವುದು ಅಲ್ಯೂಮಿನಿಯಂ ಹಾಳೆ, ಹಿಂಜ್ ಹಿಡಿದಿರುವುದು ಅದರಡಿಯ ಪ್ಲಾಸ್ಟಿಕ್.

ಅಲ್ಯೂಮಿನಿಯಂ ಗಟ್ಟಿಯನ್ನೇ ಕಡೆದು ಮಾಡಿದ ಮೈಯ ಕಥೆ ಬೇರೆ. ಆಪಲ್ ಕಂಪನಿ 2008ರಲ್ಲಿ ಮ್ಯಾಕ್‌ಬುಕ್‌ಗಳಿಗೆ ತಂದ ವಿಧಾನ ಇದು. ಒಂದೇ ತುಂಡಾದ್ದರಿಂದ ಸ್ಕ್ರೂಗೆ ಬೇಕಾದ ಮರೆ ಆ ಲೋಹದಲ್ಲೇ ಇರುತ್ತದೆ. ಹಿಂಜ್ ಕಿತ್ತು ಬರುವ ದೂರು ಇಂಥವುಗಳಲ್ಲಿ ಅಪರೂಪ. ಇದಕ್ಕೂ ಒಂದು ದೌರ್ಬಲ್ಯವಿದೆ. ಮೂಲೆ ನೆಲಕ್ಕೆ ಬಡಿದರೆ ಅಲ್ಯೂಮಿನಿಯಂ ನೆಗ್ಗುತ್ತದೆ, ನೆಗ್ಗಿದ್ದು ಹಾಗೇ ಉಳಿಯುತ್ತದೆ. ಪ್ಲಾಸ್ಟಿಕ್ ಬಾಗಿ ಮತ್ತೆ ಮೊದಲಿನಂತಾಗಬಹುದಿತ್ತು. ನೆಗ್ಗಿದ ಮೂಲೆ ಪರದೆಯ ಗಾಜನ್ನು ಒತ್ತಿ ಹಿಡಿದರೆ ತಿಂಗಳ ನಂತರ ಗಾಜು ಸೀಳಬಹುದು.

ಮೆಗ್ನೀಸಿಯಂ ಮಿಶ್ರಲೋಹ ಮೂರನೆಯದು. ಅದೇ ಗಾತ್ರದ ಅಲ್ಯೂಮಿನಿಯಂಗಿಂತ ಮೂರನೇ ಒಂದು ಭಾಗ ಹಗುರ. ಎರಕ ಹೊಯ್ದು ಮಾಡುವುದರಿಂದ ಸ್ಕ್ರೂ ಗೂಟಗಳೂ ಆ ಎರಕದಲ್ಲೇ ಲೋಹವಾಗಿ ಮೂಡುತ್ತವೆ. ಕಚೇರಿಗಳಿಗೆಂದು ಮಾಡಿದ ಲ್ಯಾಪ್‌ಟಾಪ್‌ಗಳಲ್ಲಿ ಇದು ಹೆಚ್ಚು. ಹಳೆಯ ಟಿ ಸರಣಿಯ ಥಿಂಕ್‌ಪ್ಯಾಡ್ ಮುಟ್ಟಿದರೆ ಪ್ಲಾಸ್ಟಿಕ್ ಅನಿಸುತ್ತದೆ, ನೋಡಲೂ ಸಾಧಾರಣ. ಬಿಚ್ಚಿದರೆ ಒಳಗೆ ಮೆಗ್ನೀಸಿಯಂ ಚೌಕಟ್ಟು, ಹಿಂಜ್ ಅದಕ್ಕೆ ಬಿಗಿದಿರುತ್ತದೆ. ಹೊರಗೆ ಹೊಳೆಯುವ ಅಲ್ಯೂಮಿನಿಯಂ ಇದ್ದು ಒಳಗೆ ಪ್ಲಾಸ್ಟಿಕ್ ಗೂಟಗಳಿರುವ ಯಂತ್ರಕ್ಕಿಂತ ಇದು ಹೆಚ್ಚು ಕಾಲ ಬಾಳುತ್ತದೆ. ಕೈಗೆ ತಣ್ಣಗೆ ತಾಗುವ ಮೈಯನ್ನು ನೋಡಿ ಗಟ್ಟಿತನ ಅಳೆಯಬಾರದು ಎನ್ನುವುದು ಅದಕ್ಕೇ.

ಅಂಗಡಿಯಲ್ಲಿ ನಿಂತು ನೋಡುವುದು

ಬಿಚ್ಚದೆ ಒಳಗಿನ ಸ್ಥಿತಿ ಪೂರ್ತಿ ತಿಳಿಯುವುದಿಲ್ಲ. ಆದರೂ ಪ್ರದರ್ಶನಕ್ಕಿಟ್ಟ ಯಂತ್ರದ ಮುಂದೆ ಐದು ನಿಮಿಷ ನಿಂತರೆ ಸಾಕಷ್ಟು ಗೊತ್ತಾಗುತ್ತದೆ.

ಮೊದಲು ಪರದೆಯ ನಡುಭಾಗಕ್ಕೆ ಒಂದೇ ಬೆರಳು ಹಾಕಿ ಎತ್ತಿ. ತಳ ಮೇಲೆದ್ದು ಬರದೆ ಪರದೆ ಮಾತ್ರ ತೆರೆದುಕೊಂಡರೆ ಹಿಂಜಿನ ಬಿಗಿಯನ್ನು ಹದವಾಗಿ ಇಟ್ಟಿದ್ದಾರೆ ಎಂದರ್ಥ. ತೀರಾ ಹಗುರದ ಲ್ಯಾಪ್‌ಟಾಪಿನ ತಳ ಸ್ವಲ್ಪ ಎದ್ದರೆ ಅದು ದೋಷವಲ್ಲ. ಆದರೆ ಎರಡು ಕೆಜಿ ತೂಗುವ ಪ್ಲಾಸ್ಟಿಕ್ ಮೈಯ ಲ್ಯಾಪ್‌ಟಾಪಿಗೆ ಎರಡೂ ಕೈ ಹಾಕಲೇಬೇಕಾದರೆ ಅದರ ಗೂಟಗಳು ಮೊದಲ ದಿನದಿಂದಲೇ ಹೆಚ್ಚು ಎಳೆತ ತಿನ್ನುತ್ತಿವೆ.

ಆಮೇಲೆ ಪರದೆಯನ್ನು ನಿಧಾನಕ್ಕೆ ತೆರೆಯುತ್ತಾ ಮುಚ್ಚುತ್ತಾ ಕಣ್ಣನ್ನು ಹಿಂದಿನ ಎರಡು ಮೂಲೆಗಳ ಮೇಲಿಡಿ. ಎ ಮತ್ತು ಬಿ ಪ್ಯಾನೆಲ್ ನಡುವಿನ ಗೆರೆ ಅಗಲವಾಗುತ್ತಿದೆಯೇ? ಹಿಂಜಿನ ಮುಂದೆ ಸಿ ಪ್ಯಾನೆಲ್ ಉಬ್ಬಿ ಇಳಿಯುತ್ತಿದೆಯೇ? ಹೊಸ ಯಂತ್ರದಲ್ಲೇ ಅಲ್ಲಿ ಚಲನೆ ಕಂಡರೆ ಅದು ವರ್ಷಗಳು ಕಳೆದಂತೆ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ.

ಹಿಂಜಿನ ವಿನ್ಯಾಸವನ್ನೂ ಗಮನಿಸಿ. ಪರದೆ 180 ಡಿಗ್ರಿಯವರೆಗೆ ಚಪ್ಪಟೆಯಾಗಿ ಮಲಗುವಂತಿದ್ದರೆ ಯಾರಾದರೂ ಅರಿಯದೆ ಹಿಂದಕ್ಕೆ ಒತ್ತಿದರೂ ಅದು ಬಾಗುತ್ತಾ ಹೋಗುತ್ತದೆ. 130 ಡಿಗ್ರಿಗೆ ನಿಂತುಬಿಡುವ ಹಿಂಜಿನಲ್ಲಿ ಆ ಒತ್ತು ನೇರ ಗೂಟಗಳಿಗೆ ಹೋಗುತ್ತದೆ. ಕೆಲವು ಮಾದರಿಗಳಲ್ಲಿ ತೆರೆದಾಗ ಪರದೆಯ ಕೆಳ ಅಂಚೇ ಮೇಜಿಗೆ ತಾಗಿ ತಳವನ್ನು ಎತ್ತಿ ನಿಲ್ಲಿಸುತ್ತದೆ. ಬೆರಳಚ್ಚಿಗೆ ಹಿತ, ಗಾಳಿಯಾಟಕ್ಕೂ ಒಳ್ಳೆಯದು. ಆದರೆ ಲ್ಯಾಪ್‌ಟಾಪಿನ ಹಿಂಭಾಗದ ಭಾರವೂ ಹಿಂಜಿನ ಮೇಲೆ ಬರುತ್ತದೆ. ಪ್ಲಾಸ್ಟಿಕ್ ಎ ಪ್ಯಾನೆಲ್ ಇರುವ ಯಂತ್ರದಲ್ಲಿ ಈ ವಿನ್ಯಾಸವನ್ನು ನಾನಂತೂ ಆರಿಸುವುದಿಲ್ಲ.

ಕೊನೆಗೆ, ತೆರೆದ ಲ್ಯಾಪ್‌ಟಾಪನ್ನು ಮುಂದಿನ ಒಂದು ಮೂಲೆ ಹಿಡಿದು ಎರಡು ಇಂಚು ಎತ್ತಿ. ಕಿರುಗುಟ್ಟಿದರೆ, ಟಚ್‌ಪ್ಯಾಡ್ ತಾನಾಗಿ ಕ್ಲಿಕ್ ಆದರೆ ಸಿ ಪ್ಯಾನೆಲ್ಲಿನ ಅಡಿಯಲ್ಲಿ ಬಲವಾದ ಚೌಕಟ್ಟಿಲ್ಲ ಎಂದು ತಿಳಿಯಬಹುದು.

ಕೈಪಿಡಿ ಓದಿ ಕೊಳ್ಳಿ

ಅಂಗಡಿಯಲ್ಲಿ ಕಾಣದ್ದನ್ನು ತೋರಿಸುವ ಇನ್ನೊಂದು ದಾರಿಯಿದೆ. ಬಹಳ ಮಂದಿಗೆ ಅದು ಗೊತ್ತಿಲ್ಲ. ದೊಡ್ಡ ಕಂಪನಿಗಳು ತಮ್ಮ ಮೆಕ್ಯಾನಿಕ್‌ಗಳಿಗೆಂದು ಬರೆದ ರಿಪೇರಿ ಕೈಪಿಡಿಗಳನ್ನು ತಮ್ಮ ಜಾಲತಾಣದಲ್ಲಿ ಎಲ್ಲರಿಗೂ ಉಚಿತವಾಗಿ ಇಟ್ಟಿವೆ. ಮಾದರಿಯ ಪೂರ್ಣ ಹೆಸರಿನ ಮುಂದೆ ಎಚ್‌ಪಿ ಆದರೆ `maintenance and service guide`, ಲೆನೊವೊ ಆದರೆ `hardware maintenance manual`, ಡೆಲ್ ಆದರೆ `service manual` ಎಂದು ಸೇರಿಸಿ ಹುಡುಕಿ. ಚಿತ್ರಗಳಿರುವ ಪಿಡಿಎಫ್ ಸಿಗುತ್ತದೆ. ಇಂಗ್ಲಿಷ್ ಅಷ್ಟಾಗಿ ಬಾರದವರೂ ಚಿತ್ರ ನೋಡಿ ತಿಳಿಯಬಹುದು.

ಅದರಲ್ಲಿ ಮೊದಲು ಹಿಂಜಿನ ಪುಟ ತೆಗೆಯಿರಿ. ಪ್ರತಿ ಹಿಂಜಿಗೆ ಎಷ್ಟು ಸ್ಕ್ರೂ, ಅವು ಒಂದೇ ಕಡೆ ಗುಂಪಾಗಿವೆಯೇ ಅಥವಾ ಉದ್ದದ ಪಟ್ಟಿಯುದ್ದಕ್ಕೂ ಹರಡಿವೆಯೇ ಎಂದು ನೋಡಿ. ನಮ್ಮ ಲೆಕ್ಕ ನೆನಪಿಸಿಕೊಳ್ಳಿ: ಸ್ಕ್ರೂ ಅಚ್ಚಿನಿಂದ ಎರಡರ ಬದಲು ನಾಲ್ಕು ಸೆಂಟಿಮೀಟರ್ ದೂರವಿದ್ದರೆ ಎಳೆತ ಅರ್ಧಕ್ಕಿಳಿಯುತ್ತದೆ. ಉದ್ದದ ಪಟ್ಟಿ, ದೂರದೂರದ ಸ್ಕ್ರೂಗಳು ಕಂಡರೆ ವಿನ್ಯಾಸಗಾರ ಈ ಲೆಕ್ಕ ಹಾಕಿದ್ದಾನೆ.

ಎರಡನೆಯದಾಗಿ ಬಿಡಿಭಾಗಗಳ ಪಟ್ಟಿ. ಹಿಂಜಿಗೆ ಪ್ರತ್ಯೇಕ ಭಾಗಸಂಖ್ಯೆ ಇದೆಯೇ? ಎ ಪ್ಯಾನೆಲ್ ಬೇರೆಯಾಗಿ ಸಿಗುತ್ತದೆಯೇ, ಅಥವಾ ಗಾಜು, ಕೇಬಲ್, ಹಿಂಜ್ ಎಲ್ಲ ಸೇರಿ ಇಡೀ ಪರದೆಯೇ ಒಂದು ಭಾಗವೇ? ಇದರ ಮೇಲೆ ನಾಳೆಯ ಖರ್ಚು ನಿಂತಿದೆ.

ಇದಕ್ಕೆ ಒಳ್ಳೆಯ ನಿದರ್ಶನ 2016ರ ಮ್ಯಾಕ್‌ಬುಕ್ ಪ್ರೊ. ಅದರ ಮೈ ಕಡೆದ ಅಲ್ಯೂಮಿನಿಯಂ, ಹಿಂಜ್ ಭದ್ರ. ಆದರೆ ಪರದೆಗೆ ಹೋಗುವ ತೆಳು ಪಟ್ಟಿ ಕೇಬಲ್ ಹಿಂಜಿನ ಬಳಿ ಸುತ್ತಿಕೊಂಡು ಹಾದುಹೋಗುತ್ತಿತ್ತು. ಅದರ ಉದ್ದ ಬಿಗಿಯಾಗಿ ಲೆಕ್ಕ ಹಾಕಿದಷ್ಟೇ. ಪರದೆ ತೆರೆದಾಗಲೆಲ್ಲ ಎಳೆದು ಉಜ್ಜಿ ಕೇಬಲ್ ಸವೆಯಿತು. ಪರದೆಯ ಕೆಳಭಾಗದಲ್ಲಿ ನಾಟಕದ ವೇದಿಕೆಯ ದೀಪಗಳಂತೆ ಬೆಳಕಿನ ಮಚ್ಚೆಗಳು ಕಾಣಿಸಿಕೊಂಡವು. ಆಮೇಲೆ ಪರದೆ ಅಗಲವಾಗಿ ತೆರೆದರೆ ಪೂರಾ ಕತ್ತಲು. ರಿಪೇರಿ ಮಾಹಿತಿಯ ಜಾಲತಾಣ ಐಫಿಕ್ಸಿಟ್ 2019ರ ಜನವರಿಯಲ್ಲಿ ಬರೆದ ಪ್ರಕಾರ, ಹಾಳಾದ ಕೇಬಲ್ ಆರು ಡಾಲರಿನದು. ಆದರೆ ಅದು ಪರದೆಗೆ ಬೇರ್ಪಡಿಸಲಾಗದಂತೆ ಸೇರಿದ್ದರಿಂದ ಇಡೀ ಪರದೆ ಬದಲಿಸಬೇಕು, ಅದಕ್ಕೆ ಆರುನೂರು ಡಾಲರ್. 2018ರ ಮಾದರಿಯಲ್ಲಿ ಕೇಬಲ್ ಎರಡು ಮಿಲಿಮೀಟರ್ ಉದ್ದವಾಗಿರುವುದನ್ನೂ ಅವರೇ ಕಂಡುಹಿಡಿದರು. 2019ರ ಮೇ ತಿಂಗಳಲ್ಲಿ ಆಪಲ್ 13 ಇಂಚಿನ 2016ರ ಮಾದರಿಗೆ ಉಚಿತ ರಿಪೇರಿ ಯೋಜನೆ ಘೋಷಿಸಿತು. ಗಟ್ಟಿ ಮೈ ಇದ್ದೂ ಭಾಗ ಬೇರೆಯಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇದರ ಎದುರು ತುದಿಯಲ್ಲಿರುವುದು ನೀರವ್ ಪಟೇಲ್ ಕಟ್ಟಿದ ಫ್ರೇಮ್‌ವರ್ಕ್ ಎಂಬ ಅಮೆರಿಕದ ಕಂಪನಿ. 2021ರಿಂದ ಲ್ಯಾಪ್‌ಟಾಪ್ ಮಾರುತ್ತಿರುವ ಇವರು ಹಿಂಜನ್ನೇ ಬಿಡಿಯಾಗಿ, ಬಿಗಿತದ ಪ್ರಕಾರ 3.3 ಕೆಜಿ, 4.0 ಕೆಜಿ ಎಂದು ಗುರುತಿಸಿ ಮಾರುತ್ತಾರೆ. ಪರದೆ ಸಡಿಲ ಅನಿಸಿದವರು ಬಿಗಿಯಾದದ್ದನ್ನು ತರಿಸಿ ಸ್ಕ್ರೂಡ್ರೈವರಿನಲ್ಲಿ ತಾವೇ ಬದಲಿಸಬಹುದು.

ಕೈಪಿಡಿಯಲ್ಲಿ ನೋಡಬೇಕಾದ ಇನ್ನೆರಡು ಸಂಗತಿಗಳಿವೆ. ಬ್ಯಾಟರಿ ಸ್ಕ್ರೂಗಳಿಂದ ಕೂತಿದೆಯೇ, ಅಂಟಿನಿಂದಲೇ? ಕೀಬೋರ್ಡ್ ಬೇರೆಯಾಗಿ ಬಿಚ್ಚುತ್ತದೆಯೇ, ಅಥವಾ ಸಿ ಪ್ಯಾನೆಲ್ಲಿಗೆ ಪ್ಲಾಸ್ಟಿಕ್ ಗುಬುಟುಗಳನ್ನು ಕರಗಿಸಿ ಸೇರಿಸಿದ್ದಾರೆಯೇ? ಬ್ಯಾಟರಿ ಬದಲಿಸುವ ಕಾಲ ಎಲ್ಲರಿಗೂ ಬರುತ್ತದೆ. ಕೀಬೋರ್ಡಿನ ಮೇಲೆ ಕಾಫಿ ಚೆಲ್ಲುವುದೂ ಅಪರೂಪವಲ್ಲ.

ಒಂದು ಎಡ ಹಿಂಜಿನ ರಿಪೇರಿ

ಈಗಾಗಲೇ ಪ್ಲಾಸ್ಟಿಕ್ ಮೈಯ ಲ್ಯಾಪ್‌ಟಾಪ್ ಇರುವವರೇ ಹೆಚ್ಚು. ಅವರಿಗಾಗಿ ಒಂದು ಪ್ರಕರಣವನ್ನು ಕೊನೆಯವರೆಗೆ ನೋಡೋಣ. ಎಂಜಿನಿಯರಿಂಗ್ ಓದುವ ಹುಡುಗಿಯ ಮೂರು ವರ್ಷದ 15.6 ಇಂಚಿನ ಯಂತ್ರ. ಕೆಲವು ತಿಂಗಳಿಂದ ಪರದೆ ತೆರೆಯಲು ಬಿಗಿ. ಹೋದ ವಾರ ಎಡಮೂಲೆಯಲ್ಲಿ ಟಕ್ ಎಂದಿತು, ಬಿ ಪ್ಯಾನೆಲ್ ಬಾಯಿ ಬಿಟ್ಟಿತು. ವಾರಂಟಿ ಮುಗಿದಿದೆ. ಮುಗಿಯದಿದ್ದರೂ ಇಂಥದ್ದನ್ನು 'ಬಳಕೆದಾರರಿಂದ ಆದ ಹಾನಿ' ಎಂದು ತಳ್ಳಿಹಾಕುವುದು ವಾಡಿಕೆ. ಆದ್ದರಿಂದ ವಾರಂಟಿ ಇರುವವರು ಬಿಗಿಯಾದ ಹಂತದಲ್ಲೇ, ಏನೂ ಮುರಿಯುವ ಮೊದಲೇ ಲಿಖಿತ ದೂರು ಕೊಡುವುದು ಜಾಣತನ.

ಮೂಲೆ ತೆರೆದುಕೊಂಡಿರುವುದಕ್ಕೆ ಹಿಂಜೇ ಕಾರಣ ಎಂದು ಮೊದಲು ಖಚಿತ ಮಾಡಿಕೊಳ್ಳಬೇಕು. ಊದಿದ ಬ್ಯಾಟರಿಯೂ ಮೈಯನ್ನು ಬಿರಿಯುತ್ತದೆ. ಆಗ ಉಬ್ಬು ಟಚ್‌ಪ್ಯಾಡಿನ ಸುತ್ತ ಇರುತ್ತದೆ, ತಳ ಮೇಜಿನ ಮೇಲೆ ಸಮನಾಗಿ ಕೂರುವುದಿಲ್ಲ, ಟಚ್‌ಪ್ಯಾಡ್ ಒತ್ತಲು ಬರುವುದಿಲ್ಲ. ಹಾಗಿದ್ದರೆ ಒತ್ತಿ ಮುಚ್ಚಲು ಹೋಗದೆ, ಚಾರ್ಜಿಗೂ ಹಾಕದೆ ತಕ್ಷಣ ಅಂಗಡಿಗೆ ಒಯ್ಯಬೇಕು. ಹಿಂಜಿನ ತೊಂದರೆಯಲ್ಲಿ ಸೀಳು ಹಿಂದಿನ ಮೂಲೆಯಲ್ಲೇ ಇದ್ದು, ಪರದೆ ಅಲುಗಿಸಿದಾಗ ಮಾತ್ರ ತೆರೆದು ಮುಚ್ಚುತ್ತದೆ.

ಹಿಂಜೇ ಎಂದು ಖಚಿತವಾದ ಮೇಲೆ ಮಾಡಬೇಕಾದ ಮೊದಲ ಕೆಲಸ ತೆರೆದು ಮುಚ್ಚುವುದನ್ನು ನಿಲ್ಲಿಸುವುದು. ಫೈಲ್‌ಗಳನ್ನು ಕಾಪಿ ಮಾಡಿಕೊಳ್ಳಬೇಕಾದರೆ ಪರದೆಯನ್ನು ತೆರೆದ ಸ್ಥಿತಿಯಲ್ಲೇ ಬಿಟ್ಟು ಮಾಡಬೇಕು. ಕಿತ್ತ ಹಿಂಜಿನ ಉಕ್ಕಿನ ಪಟ್ಟಿ ಪ್ರತಿ ಚಲನೆಯಲ್ಲೂ ಪರದೆಯ ಕೇಬಲ್ಲಿಗೆ, ಗಾಜಿಗೆ ತಗಲುತ್ತಿರುತ್ತದೆ. ಪ್ಲಾಸ್ಟಿಕ್ಕಿಗೆ ಸೀಮಿತವಾಗಿದ್ದ ಖರ್ಚು ಗಾಜಿಗೆ ಏರುವುದು ಈ ಹಂತದಲ್ಲಿ.

ಬಿಚ್ಚಿದಾಗ ಎ ಪ್ಯಾನೆಲ್ಲಿನ ಎಡಬದಿಯ ಹಿತ್ತಾಳೆ ನಟ್ಟುಗಳು ಗೂಟ ಸಮೇತ ಕಿತ್ತು ಹಿಂಜಿನ ಪಟ್ಟಿಗೇ ಅಂಟಿಕೊಂಡಿರುವುದು ಕಂಡಿತು. ಒಳ್ಳೆಯ ಮೆಕ್ಯಾನಿಕ್ ಇಲ್ಲಿ ಅಂಟು ತೆಗೆದುಕೊಳ್ಳುವ ಮೊದಲು ಹಿಂಜನ್ನು ಕೈಯಲ್ಲಿ ತಿರುಗಿಸಿ ನೋಡುತ್ತಾನೆ. ಕೈಗೆ ತಿರುಗದಷ್ಟು ಬಿಗಿಯಾಗಿದ್ದರೆ ತುದಿಯ ನಟ್ಟನ್ನು ಕಾಲು ಸುತ್ತು ಸಡಿಲಿಸುತ್ತಾನೆ, ಪರದೆ ನಿಂತೀತೇ ಎಂದು ನೋಡಿ ಬೇಕಾದರೆ ಇನ್ನಷ್ಟು. ನಟ್ ಇಲ್ಲದೆ ಒತ್ತಿ ಮುಚ್ಚಿದ ಹಿಂಜಾದರೆ ಬದಲಿಸುವುದೇ ಸರಿ. ಬಿಗಿ ಹಿಂಜನ್ನು ಹಾಗೇ ಬಿಟ್ಟು ಗೂಟ ಮಾತ್ರ ಅಂಟಿಸಿದರೆ ಗಿರಾಕಿ ಎರಡೇ ತಿಂಗಳಲ್ಲಿ ವಾಪಸ್ ಬರುತ್ತಾರೆ.

ಆಮೇಲೆ ಮೂರು ದಾರಿ. ಪ್ಲಾಸ್ಟಿಕ್ಕನ್ನು ಉಪ್ಪುಕಾಗದದಿಂದ ತರಿ ಮಾಡಿ, ಎರಡು ಟ್ಯೂಬಿನ ಎಪಾಕ್ಸಿ ಅಂಟನ್ನು ಗೂಟದ ಸುತ್ತ ತುಂಬಿ ಒಂದು ದಿನ ಒಣಗಲು ಬಿಡುವುದು ಅಗ್ಗದ ದಾರಿ. ಒಂದೆರಡು ಗೂಟ ಮಾತ್ರ ಹೋಗಿದ್ದರೆ ಚೆನ್ನಾಗಿ ಬಾಳುತ್ತದೆ. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಇಲ್ಲಿ ಪ್ರಯೋಜನವಿಲ್ಲ, ಅದು ಒಣಗಿದ ಮೇಲೆ ಬೇಗ ಬಿರಿಯುವ ಅಂಟು. ಎರಡನೆಯದು, ಎ ಪ್ಯಾನೆಲ್ಲಿಗೆ ಆರಪಾರ ತೂತು ಕೊರೆದು ಹೊರಗಿನಿಂದ ಅಗಲ ತಲೆಯ ಸ್ಕ್ರೂ ಹಾಕಿ ನಟ್ ಬಿಗಿಯುವುದು. ನೋಡಲು ಅಂದವಿಲ್ಲ, ಆದರೆ ಎಳೆತ ಗೂಟ ಬಿಟ್ಟು ಇಡೀ ಪ್ಯಾನೆಲ್ಲಿಗೆ ಹರಡುವುದರಿಂದ ತುಂಬಾ ಭದ್ರ. ಮೂರನೆಯದು ಹೊಸ ಎಬಿಎಚ್. ಹೆಚ್ಚು ಮಾರಾಟವಾದ ಮಾದರಿಗಳಿಗೆ ಎರಡು ಮೂರು ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಹುಡುಗಿಗೆ ಮೂರನೆಯದೇ ಸರಿಹೋಯಿತು, ಏಕೆಂದರೆ ಅವಳ ಮಾದರಿ ಸಾಮಾನ್ಯವಾದದ್ದು, ಎಲ್ಲ ಅಂಗಡಿಯಲ್ಲೂ ಭಾಗ ಇತ್ತು. ಆರು ತಿಂಗಳು ಮಾತ್ರ ಮಾರಾಟವಾಗಿ ಮಾಯವಾದ ಮಾದರಿಯಾಗಿದ್ದರೆ ಅಂಟೇ ಗತಿ. ಊರಿನಲ್ಲಿ ಭಾಗ ಸಿಗುವ ಮಾದರಿ ಕೊಳ್ಳುವುದೂ ಬಾಳಿಕೆಯ ಒಂದು ಭಾಗವೇ.

ಹಾಗಾದರೆ ಯಾವುದು ಕೊಳ್ಳುವುದು?

ಫ್ರಾನ್ಸ್ ದೇಶದಲ್ಲಿ 2021ರ ಜನವರಿ 1ರಿಂದ ಲ್ಯಾಪ್‌ಟಾಪಿನ ಬೆಲೆಯ ಪಕ್ಕದಲ್ಲೇ ಹತ್ತಕ್ಕೆ ಇಷ್ಟು ಎಂದು ರಿಪೇರಿ ಅಂಕ ತೋರಿಸಬೇಕು. ಕೈಪಿಡಿ ಸಿಗುತ್ತದೆಯೇ, ಬಿಚ್ಚಲು ಸುಲಭವೇ, ಬಿಡಿಭಾಗ ಎಷ್ಟು ಕಾಲ ಯಾವ ಬೆಲೆಗೆ ಸಿಗುತ್ತದೆ ಎಂಬುದೆಲ್ಲ ಅದರಲ್ಲಿ ಸೇರಿದೆ. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಜಾಲತಾಣವೊಂದನ್ನು ತೆರೆದಿದೆ. `righttorepairindia.gov.in` ಎಂಬಲ್ಲಿ ಕಂಪನಿಗಳ ಕೈಪಿಡಿ, ಸೇವಾ ಕೇಂದ್ರಗಳ ಕೊಂಡಿಗಳಿವೆ. ಫ್ರಾನ್ಸಿನಂತೆ ಅಂಕ ನೋಡಿ ಕೊಳ್ಳುವ ಅನುಕೂಲ ನಮ್ಮ ಅಂಗಡಿಗಳಲ್ಲಿಲ್ಲ. ಅದು ಬರುವವರೆಗೆ ಅಂಕ ಹಾಕುವವರು ನಾವೇ.

ನಲವತ್ತು ಐವತ್ತು ಸಾವಿರದ ಒಳಗೆ ಗಟ್ಟಿ ಯಂತ್ರ ಬೇಕೆನ್ನುವವರಿಗೆ ಹೊಸ ಪ್ಲಾಸ್ಟಿಕ್ ಮೈಯ ಲ್ಯಾಪ್‌ಟಾಪಿಗಿಂತ ಕಚೇರಿಗಳಿಂದ ಬಂದ ಹಳೆಯ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಉತ್ತಮ ಎನ್ನುವುದು ನನ್ನ ತೀರ್ಮಾನ. ಬೆಂಗಳೂರಿನ ಐಟಿ ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ಸಾಲುಸಾಲಾಗಿ ಹೊರಹಾಕುವ ಇವು ಎಸ್.ಪಿ. ರೋಡಿನಲ್ಲಿ ಧಾರಾಳ. ಹಿಂಜ್ ಲೋಹಕ್ಕೆ ಬಿಗಿದಿರುತ್ತದೆ, ಭಾಗ ಸಿಗುತ್ತದೆ, ಕೈಪಿಡಿಯೂ ಇದೆ. ಎರಡು ಎಚ್ಚರ ಬೇಕು. ಬ್ಯಾಟರಿ ಹಳೆಯದು ಎಂದೇ ಭಾವಿಸಿ ಹೊಸದರ ಬೆಲೆ ಸೇರಿಸಿ ಲೆಕ್ಕ ಹಾಕಿ. ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕೂ ಹೊಸತಿರಲಿ, ಏಕೆಂದರೆ ವಿಂಡೋಸ್ 11 ಅದಕ್ಕಿಂತ ಹಳೆಯ ಬಹುತೇಕ ಪ್ರೊಸೆಸರ್‌ಗಳಿಗೆ ಅಧಿಕೃತವಾಗಿ ಬರುವುದಿಲ್ಲ, ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಹೊಸದೇ ಬೇಕೆನ್ನುವವರು ಹಣ ಕೊಡುವ ಮುನ್ನ ಆ ಮಾದರಿಯ ರಿಪೇರಿ ಕೈಪಿಡಿಯನ್ನು ಫೋನಿನಲ್ಲಿ ತೆರೆದು ಹಿಂಜಿನ ಪುಟ ನೋಡಿ. ಕೈಪಿಡಿಯೇ ಸಿಗದಿದ್ದರೆ ಬೇರೆ ಮಾದರಿ ನೋಡಿ. ಮನೆಯಲ್ಲಿರುವ ಲ್ಯಾಪ್‌ಟಾಪನ್ನು ಇವತ್ತಿನಿಂದ ಮೂಲೆ ಬಿಟ್ಟು ನಡುವೆ ಹಿಡಿದು ತೆರೆಯಿರಿ. ತೆರೆಯಲು ಬಿಗಿ ಅನಿಸಿದ ದಿನವೇ ಹಿಂಜನ್ನು ಸಡಿಲ ಮಾಡಿಸಿ, ಟಕ್ಕೆನ್ನುವವರೆಗೆ ಕಾಯಬೇಡಿ.